ಹೀಟರ್ ರಾಡ್ ನಿಧಾನವೇ? ದೂರು ಕೊಡುವ ಮುನ್ನ ಲೆಕ್ಕ ಹಾಕಿ

ಹೊಸ ಹೀಟರ್ ರಾಡ್‌ನ ಡಬ್ಬಿಯ ಮೇಲೆ 1500 ವ್ಯಾಟ್ ಎಂದಿದೆ, ಬಕೆಟ್ ನೀರು ಮಾತ್ರ ಬೇಗ ಕಾಯುತ್ತಿಲ್ಲ. "ತಡವಾಗುತ್ತಿದೆ" ಎಂದಷ್ಟೇ ಹೇಳಿದರೆ ಅಂಗಡಿಯವರು ಸಾಗಹಾಕುತ್ತಾರೆ. ಎಷ್ಟು ಹೊತ್ತು ಹಿಡಿಯಬೇಕಿತ್ತು, ಎಷ್ಟು ಹಿಡಿಯಿತು ಎಂದು ತೋರಿಸಿದರೆ ಆ ಮಾತಿಗೆ ತೂಕ ಬರುತ್ತದೆ.

ಲೆಕ್ಕ ಸುಲಭ. ನೀರಿನ ಲೀಟರನ್ನು ಏರಬೇಕಾದ ಡಿಗ್ರಿಯಿಂದ ಗುಣಿಸಿ, ಅದನ್ನು 70ರಿಂದ ಗುಣಿಸಿ, ವ್ಯಾಟ್‌ನಿಂದ ಭಾಗಿಸಿದರೆ ನಿಮಿಷ ಸಿಗುತ್ತದೆ. 18 ಲೀಟರ್ ನೀರು 20 ಡಿಗ್ರಿಯಿಂದ 45ಕ್ಕೆ ಏರಲು 1500 ವ್ಯಾಟ್ ರಾಡ್‌ಗೆ 21 ನಿಮಿಷ ಬೇಕು. ಬಕೆಟ್ಟಿನಿಂದ ಗಾಳಿಗೆ ಹೋಗುವ ಶಾಖಕ್ಕೆಂದು ಎರಡು ಮೂರು ನಿಮಿಷ ಸೇರಿಸಿಕೊಳ್ಳಿ. ಅಳೆಯುವಾಗ ಸ್ವಿಚ್ ಆರಿಸಿ, ಪ್ಲಗ್ ಕಿತ್ತು, ನೀರು ಕಲಕಿದ ಮೇಲಷ್ಟೇ ಥರ್ಮಾಮೀಟರ್ ಅದ್ದಿ. ಪ್ಲಗ್ ಕೀಳದೆ ನೀರು ಮುಟ್ಟಲೇಬೇಡಿ.

ನಿಮಗೆ 30 ನಿಮಿಷ ಹಿಡಿಯಿತು ಎನ್ನೋಣ. ರಾಡ್ ನೀರಿಗೆ ಕೊಟ್ಟದ್ದು ಸುಮಾರು 1050 ವ್ಯಾಟ್ ಎಂದಾಯಿತು. ಆದರೂ ಅಂಗಡಿಯನ್ನು ಈಗಲೇ ದೂರಬೇಡಿ. ವೋಲ್ಟೇಜ್ 230ರ ಬದಲು 200 ಇದ್ದರೆ ಒಳ್ಳೆಯ ರಾಡ್‌ಗೂ 28 ನಿಮಿಷ ಬೇಕಾಗುತ್ತದೆ. ಹಾಗಿದ್ದರೆ ದೂರು ಹೋಗಬೇಕಾದ್ದು 1912ಕ್ಕೆ, ವಿದ್ಯುತ್ ಕಂಪನಿಗೆ.

ವೋಲ್ಟೇಜ್ 230ರ ಆಸುಪಾಸಿನಲ್ಲಿರುವಾಗ ಮನೆಯ ಫ್ರಿಜ್, ಪಂಪು, ದೀಪ ಎಲ್ಲ ಆರಿಸಿ, ರಾಡ್ ಒಂದನ್ನೇ ಅರ್ಧ ಗಂಟೆ ಹಾಕಿ ಮೀಟರ್ ನೋಡಿ. ಮುಕ್ಕಾಲು ಯೂನಿಟ್ ಓಡಬೇಕು. ಅರ್ಧ ಯೂನಿಟ್ ಮಾತ್ರ ಓಡಿದ್ದರೆ ರಾಡ್‌ನ ಶಕ್ತಿಯೇ ಕಡಿಮೆ. "ನಿಮ್ಮ ಬೋರ್‌ವೆಲ್ ನೀರು ಗಡಸು, ಅದಕ್ಕೇ ತಡ" ಎಂಬ ಸಮಜಾಯಿಷಿ ಇಲ್ಲಿ ನಿಲ್ಲುವುದಿಲ್ಲ. ಉಪ್ಪು ಕಟ್ಟಿದರೆ ರಾಡ್ ಬೇಗ ಸುಟ್ಟುಹೋಗಬಹುದು, ಅದು ಎಳೆಯುವ ಕರೆಂಟು ಹೀಗೆ ಮೂರನೇ ಒಂದು ಪಾಲು ಇಳಿಯುವುದಿಲ್ಲ.

ಹೇಳಿದ ಗುಣಮಟ್ಟ ವಸ್ತುವಿನಲ್ಲಿ ಇಲ್ಲದಿರುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದೋಷ. ಹೀಟರ್ ರಾಡ್‌ಗೆ ಐಎಸ್‌ಐ ಗುರುತು ಕಡ್ಡಾಯ; ಅದರ ಜೊತೆ ಅಚ್ಚಾದ ಲೈಸೆನ್ಸ್ ಸಂಖ್ಯೆ ಅಸಲಿಯೇ ಎಂದು 'ಬಿಐಎಸ್ ಕೇರ್' ಆ್ಯಪ್‌ನಲ್ಲಿ ನೋಡಬಹುದು. ಮೊದಲು ಅಂಗಡಿಗೂ ತಯಾರಕರಿಗೂ ಬರಹದಲ್ಲಿ ದೂರು ಕೊಡಿ. ಬಗೆಹರಿಯದಿದ್ದರೆ 1915ಕ್ಕೆ ಕರೆ ಮಾಡಿ. ಅದೂ ಆಗದಿದ್ದರೆ ನೀವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗಕ್ಕೇ ಹೋಗಬಹುದು. ಕೊಂಡದ್ದು ಬೇರೆ ಊರಿನಲ್ಲಾದರೂ ತೊಂದರೆಯಿಲ್ಲ. ವಕೀಲರು ಬೇಕೇಬೇಕೆಂದಿಲ್ಲ, ಇಷ್ಟು ಬೆಲೆಯ ವಸ್ತುವಿಗೆ ಶುಲ್ಕವೂ ಇಲ್ಲ.

ನಿಮ್ಮ ಲೆಕ್ಕ ದೂರಿಗೆ ಆಧಾರವೇ ಹೊರತು ಅಂತಿಮ ಸಾಕ್ಷ್ಯವಲ್ಲ. ಎದುರಿನವರು ಒಪ್ಪದಿದ್ದರೆ ಆಯೋಗ ರಾಡನ್ನು ಪ್ರಯೋಗಾಲಯಕ್ಕೆ ಕಳಿಸಬಹುದು, ಅದರ ವೆಚ್ಚವನ್ನು ನೀವು ಮೊದಲು ಕಟ್ಟಬೇಕಾಗಬಹುದು. ಹಾಗಾಗಿ ರಾಡನ್ನು ಬಿಚ್ಚಬೇಡಿ, ರಿಪೇರಿಗೆ ಕೊಡಬೇಡಿ. ಬಿಲ್ ಮತ್ತು ಡಬ್ಬಿ ಜೋಪಾನವಾಗಿರಲಿ. ದೂರು ಸಲ್ಲಿಸಲು ಇರುವ ಅವಧಿ ಎರಡು ವರ್ಷ.