ಒಂದು ಕರಪತ್ರ, ಮೂರು ಬಿಲ್ಲು: ಹೊಸ ಶಾಖೆಯ ಪ್ರಕಟಣೆಯನ್ನಿಟ್ಟುಕೊಂಡು ರಿಯಾಯಿತಿಯ ಪಾಠ

ಎಂಟನೇ ತರಗತಿಯ ಗಣಿತದಲ್ಲಿ ರಿಯಾಯಿತಿಯ ಲೆಕ್ಕಗಳನ್ನು ಮಕ್ಕಳು ಬೇಗ ಹಿಡಿದುಕೊಳ್ಳುತ್ತಾರೆ. ನಮೂದಿತ ಬೆಲೆ ಇಷ್ಟು, ರಿಯಾಯಿತಿ ಶೇಕಡಾ ಇಷ್ಟು, ಮಾರಿದ ಬೆಲೆ ಎಷ್ಟು ಎಂದು ಕೇಳಿದರೆ ಸೂತ್ರ ಹಚ್ಚಿ ಉತ್ತರ ಬರೆಯುತ್ತಾರೆ. ಆದರೆ ಅಂಗಡಿಯವರು ಹಂಚುವ ಕರಪತ್ರದಲ್ಲಿ ಲೆಕ್ಕ ಆ ರೂಪದಲ್ಲಿ ಇರುವುದಿಲ್ಲ. ಯಾವುದರ ಮೇಲೆ ಶೇಕಡಾ, ಯಾವ ಮೊತ್ತಕ್ಕೆ ಮಿತಿ, ಯಾವ ದಿನದವರೆಗೆ ಎಂಬುದನ್ನು ಓದುವವರೇ ವಾಕ್ಯದೊಳಗಿನಿಂದ ಬಿಡಿಸಿಕೊಳ್ಳಬೇಕು. ಅಭ್ಯಾಸ ಬೋಧನೆಯ ಅವಧಿಯಲ್ಲಿ ಮೈಸೂರಿನ ಒಂದು ಪ್ರೌಢಶಾಲೆಯಲ್ಲಿ ಈ ಬಿಡಿಸುವ ಕೆಲಸವನ್ನೇ ಎರಡು ಅವಧಿಗಳ ಪಾಠವಾಗಿ ಮಾಡಿದೆ.

ಸಾಮಗ್ರಿಗೆ ಖರ್ಚಿಲ್ಲ. ಒಂದು ಸ್ಟೇಷನರಿ ಅಂಗಡಿ ಹೊಸ ಶಾಖೆ ತೆರೆಯುತ್ತಿದೆ ಎಂದು ಕಲ್ಪಿಸಿಕೊಂಡು, ನಾನೇ ಬರೆದ ಈ ಪ್ರಕಟಣೆಯನ್ನು ಚಾರ್ಟ್ ಹಾಳೆಯಲ್ಲಿ ತೂಗುಹಾಕಿದೆ:

"ಸೋಮವಾರ, ಜೂನ್ 1ರಂದು ನಮ್ಮ ಹೊಸ ಶಾಖೆ ಆರಂಭ! ಸಯ್ಯಾಜಿರಾವ್ ರಸ್ತೆ, ದೇವರಾಜ ಮಾರುಕಟ್ಟೆ ಎದುರು. ಸ್ವಲ್ಪ ಮುಂದೆ ಬಂದರೆ ಬಲಕ್ಕೆ. ಸಮಯ 9ರಿಂದ 8. ಭಾನುವಾರ ರಜೆ. ಆರಂಭಿಕ ಕೊಡುಗೆ 7 ದಿನ ಮಾತ್ರ: ಎಲ್ಲ ನೋಟ್‌ಬುಕ್‌ಗಳಿಗೆ ಶೇ. 20 ರಿಯಾಯಿತಿ. ₹500 ಮೇಲ್ಪಟ್ಟ ಬಿಲ್ಲಿಗೆ ಇನ್ನೂ ಶೇ. 10. ಎರಡು ಪೆನ್ನು ಕೊಂಡರೆ ಒಂದು ಉಚಿತ."

ಇದರಲ್ಲಿ ಸುಳ್ಳೇನೂ ಇಲ್ಲ, ಇಂಥ ಪ್ರಕಟಣೆಗಳು ಊರಿನಲ್ಲಿ ದಿನವೂ ಹಂಚಿಕೆಯಾಗುತ್ತವೆ. ಅದಕ್ಕೇ ಇದನ್ನು ಆರಿಸಿದ್ದು. ಎದ್ದು ಕಾಣುವ ತಪ್ಪುಗಳನ್ನು ತುರುಕಿದ್ದರೆ ಮಕ್ಕಳು ಅವನ್ನು ಹುಡುಕಿ ನಕ್ಕು ಸುಮ್ಮನಾಗುತ್ತಿದ್ದರು.

ಮೊದಲ ಪ್ರಶ್ನೆ ಒಂದೇ. "₹40 ಬೆಲೆಯ 15 ನೋಟ್‌ಬುಕ್ ಬೇಕು. ಮನೆಯಿಂದ ಎಷ್ಟು ದುಡ್ಡು ತರುತ್ತೀರಿ?" ಇಬ್ಬಿಬ್ಬರಾಗಿ ಲೆಕ್ಕ ಮಾಡಿ, ಉತ್ತರವನ್ನು ಚೀಟಿಯಲ್ಲಿ ಬರೆದು ಮಡಚಿ ಕೊಡಲು ಹೇಳಿದೆ. ಕೈ ಎತ್ತಿ ಹೇಳಿಸಿದರೆ ಮೊದಲು ಹೇಳಿದ ಉತ್ತರವೇ ತರಗತಿಯ ಉತ್ತರವಾಗಿಬಿಡುತ್ತದೆ. ಈ ಪಾಠಕ್ಕೆ ಉತ್ತರಗಳು ಬೇರೆಯಾಗುವುದೇ ಬೇಕಿತ್ತು, ಹಾಗಾಗಿ ಚೀಟಿ.

ಚೀಟಿ ಬಿಡಿಸಿದಾಗ ಮುಖ್ಯವಾಗಿ ಮೂರು ಮೊತ್ತಗಳಿದ್ದವು: ₹420, ₹432, ₹480. ಮೂರನ್ನೂ ಕಪ್ಪುಹಲಗೆಯ ಮೇಲೆ ಬರೆದು, ಯಾವುದು ಸರಿ ಎಂದು ಹೇಳದೆ, ಹೇಗೆ ಬಂತು ಎಂದು ಮಾತ್ರ ಕೇಳಿದೆ.

₹420 ಬರೆದವರು ಇಪ್ಪತ್ತಕ್ಕೆ ಹತ್ತು ಕೂಡಿಸಿ ಶೇ. 30 ಮಾಡಿದ್ದರು. 600ರಲ್ಲಿ ಶೇ. 30 ಎಂದರೆ 180, ಉಳಿದದ್ದು 420. "ಇನ್ನೂ ಹತ್ತು ಅಂತಿದೆಯಲ್ಲ ಮಿಸ್, ಕೂಡಿಸಬೇಕಲ್ವಾ?" ಎಂದು ಒಬ್ಬಳು ಕೇಳಿದಳು. ಭಾಷೆಯ ಪ್ರಕಾರ ಅವಳ ಪ್ರಶ್ನೆ ನ್ಯಾಯವೇ. "ಇನ್ನೂ" ಎಂಬ ಪದ ಕೂಡಿಸು ಎಂದೇ ಸೂಚಿಸುತ್ತದೆ. ಆದರೆ ಶೇಕಡಾ ತನ್ನ ಪಾಡಿಗೆ ತಾನಿರುವ ಸಂಖ್ಯೆಯಲ್ಲ, ಅದು ಯಾವುದೋ ಒಂದು ಮೊತ್ತದ ಭಾಗ. ಮೊದಲಿನ ಶೇ. 20 ಸಿಗುವುದು 600ರ ಮೇಲೆ. ಎರಡನೆಯದು "ಬಿಲ್ಲಿಗೆ" ಎಂದಿದೆ. ಬಿಲ್ಲು ಆಗುವ ಹೊತ್ತಿಗೆ 120 ಕಳೆದು 480 ಉಳಿದಿರುತ್ತದೆ, ಅದರ ಶೇ. 10 ಎಂದರೆ 48. ಹೀಗೆ ಯೋಚಿಸಿದವರಿಗೆ 432 ಬಂದಿತ್ತು. ಒಟ್ಟು ಕಡಿತ 168, ಅಂದರೆ ಶೇ. 28.

ಇಲ್ಲಿಗೆ ಪಾಠ ಮುಗಿಯಿತು ಎಂದುಕೊಳ್ಳುವುದು ಸುಲಭ. ಅನುಕ್ರಮ ರಿಯಾಯಿತಿಯನ್ನು ಕೂಡಿಸಬಾರದು ಎಂಬುದೇ ಕಲಿಕಾಂಶ ಎಂದು ಪಾಠಯೋಜನೆಯಲ್ಲಿ ಬರೆದು ಮುಂದೆ ಹೋಗಬಹುದು. ಆದರೆ ₹480 ಬರೆದ ಜೋಡಿಗಳು ಲೆಕ್ಕದಲ್ಲಿ ಎಲ್ಲಿಯೂ ಎಡವಿರಲಿಲ್ಲ. ಅವರ ವಾದ ಇದು: ಬಿಲ್ಲು 480 ಆಗಿದೆ, ₹500 ಮೇಲ್ಪಟ್ಟಿಲ್ಲ, ಆದ್ದರಿಂದ ಎರಡನೆಯ ರಿಯಾಯಿತಿ ಸಿಗುವುದೇ ಇಲ್ಲ. 432 ಬರೆದವರು ಮಿತಿಯನ್ನು 600ಕ್ಕೆ ಹಚ್ಚಿ ನೋಡಿದ್ದರು, ಶೇಕಡಾವನ್ನು 480ಕ್ಕೆ ಹಚ್ಚಿದ್ದರು. ಇವರು ಎರಡನ್ನೂ 480ಕ್ಕೇ ಹಚ್ಚಿದ್ದರು. ವಾಕ್ಯಕ್ಕೆ ಇವರು ಹೆಚ್ಚು ನಿಷ್ಠರಾಗಿದ್ದರು ಎಂದೇ ನನಗನ್ನಿಸುತ್ತದೆ. ಈ ಎರಡರಲ್ಲಿ ಯಾವುದು ಎಂದು ಗಣಿತ ಹೇಳಲಾರದು. ಅಂಗಡಿಯವರು ಹೇಳಬೇಕು, ಅದೂ ಕರಪತ್ರದಲ್ಲೇ ಹೇಳಬೇಕು. ಇಲ್ಲವಾದರೆ ₹420 ಎಣಿಸಿಕೊಂಡು ಬಂದ ತಾಯಿ ಕೌಂಟರಿನಲ್ಲಿ ₹60 ಸಾಲದೆ, ಮಗುವಿನ ಎದುರೇ ಎರಡು ನೋಟ್‌ಬುಕ್ ವಾಪಸ್ ಇಡಬೇಕಾಗುತ್ತದೆ.

ಮಿತಿಯನ್ನು ರಿಯಾಯಿತಿ ಕಳೆದ ಮೇಲಿನ ಮೊತ್ತಕ್ಕೆ ಇಡೋಣ ಎಂದು ತರಗತಿ ಕೈ ಎತ್ತಿ ತೀರ್ಮಾನಿಸಿತು. ಆಗ ಮುಂದಿನ ಪ್ರಶ್ನೆ ಹಾಕಿದೆ: 15ರ ಬದಲು 16 ನೋಟ್‌ಬುಕ್ ಕೊಂಡರೆ? ರಿಯಾಯಿತಿ ಕಳೆದು ಒಂದರ ಬೆಲೆ ₹32. ಹದಿನಾರಕ್ಕೆ ₹512, ಮಿತಿ ದಾಟಿತು. ಶೇ. 10 ಅಂದರೆ ₹51.20 ಕಳೆದರೆ ₹460.80. ಹದಿನೈದಕ್ಕೆ ₹480, ಹದಿನಾರಕ್ಕೆ ₹460.80! ಒಂದು ನೋಟ್‌ಬುಕ್ ಹೆಚ್ಚಿಗೆ ಬಂದರೂ ಬಿಲ್ಲು ₹19.20 ಕಡಿಮೆ. ಹಿಂದಿನ ಬೆಂಚಿನಿಂದ "ಮಿಸ್, ತಪ್ಪಾಗಿದೆ" ಎಂಬ ಕೂಗು ಬಂತು. ಮೂರು ಜೋಡಿಗಳು ಮತ್ತೆ ಮತ್ತೆ ಮಾಡಿ ನೋಡಿ ಒಪ್ಪಿದವು. ಮಿತಿ ದಾಟಿದ ಕೂಡಲೇ ರಿಯಾಯಿತಿ ಇಡೀ ಬಿಲ್ಲಿಗೆ ಬೀಳುವಂತಿದ್ದರೆ ಹೀಗಾಗುತ್ತದೆ, ಮಿತಿಗೆ ಸ್ವಲ್ಪ ಕೆಳಗಿರುವವರು ಸ್ವಲ್ಪ ಮೇಲಿರುವವರಿಗಿಂತ ಹೆಚ್ಚು ಕೊಡುತ್ತಾರೆ. ಅಂಗಡಿಯವರಿಗೆ ಇದು ಬೇಕಾಗಿಯೇ ಇರಬಹುದು, ಗಿರಾಕಿ ಇನ್ನೊಂದು ಸಾಮಾನು ತೆಗೆದುಕೊಳ್ಳಲಿ ಎಂದೇ ಮಿತಿ ಇಡುತ್ತಾರೆ. ಮಿತಿಯನ್ನು ಮೂಲ ಬೆಲೆಗೆ ಇಟ್ಟರೂ ಈ ನೆಗೆತ ತಪ್ಪುವುದಿಲ್ಲ, ಜಾಗ ಮಾತ್ರ ಬದಲಾಗುತ್ತದೆ. ಅದು ಎಲ್ಲಿ ಎಂಬುದನ್ನು ಮನೆಗೆಲಸವಾಗಿ ಕೊಟ್ಟೆ (12ಕ್ಕೆ ₹384, 13ಕ್ಕೆ ₹374.40).

ಪೆನ್ನಿನ ಕೊಡುಗೆಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಎರಡಕ್ಕೆ ಒಂದು ಉಚಿತ, ಆದ್ದರಿಂದ ಅರ್ಧ ರಿಯಾಯಿತಿ ಎಂದವರು ಕೆಲವರಿದ್ದರು. ಮೂರು ಪೆನ್ನುಗಳನ್ನು ಮೇಜಿನ ಮೇಲಿಟ್ಟು, ಮನೆಗೆ ಹೋಗುವುದು ಎಷ್ಟು, ದುಡ್ಡು ಕೊಟ್ಟದ್ದು ಎಷ್ಟಕ್ಕೆ ಎಂದು ಕೇಳಿದರೆ ಸಾಕು, ಮೂರರಲ್ಲಿ ಒಂದು ಎಂದು ಅವರೇ ಹೇಳುತ್ತಾರೆ. ಬೆಲೆಗಳು ಬೇರೆಯಾದಾಗ ಮಾತ್ರ ಎಚ್ಚರ ಬೇಕು. ₹30ರ ಎರಡು, ₹12ರ ಒಂದು ಪೆನ್ನು ತೆಗೆದುಕೊಂಡು, ಕಡಿಮೆ ಬೆಲೆಯದೇ ಉಚಿತ ಎಂದಾದರೆ, 72ರಲ್ಲಿ ಉಳಿದದ್ದು 12, ಆರನೇ ಒಂದು ಭಾಗವಷ್ಟೇ.

ಎರಡನೇ ಅವಧಿ ಸಮಯ ಮತ್ತು ದಾರಿಗೆ. "7 ದಿನ ಮಾತ್ರ" ಎಂದರೆ ಕೊನೆಯ ದಿನ ಯಾವುದು ಎಂದು ಕೇಳಿದೆ. ಒಂದಕ್ಕೆ ಏಳು ಕೂಡಿಸಿ ಜೂನ್ 8 ಎಂದವರಿದ್ದರು. ಬೆರಳು ಮಡಚಿ ಎಣಿಸಿದವರು 7 ಎಂದರು, ಆರಂಭದ ದಿನವೂ ಲೆಕ್ಕಕ್ಕೆ ಸೇರುವುದರಿಂದ ಅದೇ ಸರಿ. ಆದರೆ ಜೂನ್ 7 ಭಾನುವಾರ, ಅಂಗಡಿಗೆ ರಜೆ. ಹಾಗಾದರೆ ಕೊಡುಗೆ ಆರೇ ದಿನವೇ, ಅಥವಾ ಸೋಮವಾರಕ್ಕೂ ಉಂಟೇ? ದಿನಗಳ ಸಂಖ್ಯೆ ಬರೆಯುವ ಬದಲು ಕೊನೆಯ ತಾರೀಖು ಮತ್ತು ವಾರ ಬರೆದರೆ ಈ ಗೊಂದಲವೇ ಇಲ್ಲ. "9ರಿಂದ 8" ಕೂಡ ಹಾಗೆಯೇ, ಬೆಳಿಗ್ಗೆ, ರಾತ್ರಿ ಎಂಬ ಎರಡು ಪದ ಸೇರಿಸಬೇಕು. ಮಧ್ಯಾಹ್ನ ಊಟಕ್ಕೆ ಮುಚ್ಚುತ್ತಾರೆಯೇ ಎಂದು ಒಬ್ಬ ಹುಡುಗ ಕೇಳಿದ. ಅವನ ತಂದೆಯದೂ ಅಂಗಡಿಯಂತೆ.

ದಾರಿಯ ವಿಷಯದಲ್ಲಿ ಮಕ್ಕಳಿಗೆ ನನಗಿಂತ ಹೆಚ್ಚು ಗೊತ್ತಿತ್ತು. ಕಪ್ಪುಹಲಗೆಯ ಮೇಲೆ ಉತ್ತರ ದಿಕ್ಕು ಮೇಲಿರುವಂತೆ ಸಯ್ಯಾಜಿರಾವ್ ರಸ್ತೆಯನ್ನು ನೆಟ್ಟಗೆ ಎಳೆದು, ಕೆಳಗೆ ಕೆ.ಆರ್. ವೃತ್ತ, ಮೇಲೆ ಆಯುರ್ವೇದ ಕಾಲೇಜು ವೃತ್ತ, ನಡುವೆ ಎಡಕ್ಕೆ ದೇವರಾಜ ಮಾರುಕಟ್ಟೆ ಗುರುತಿಸಿದೆವು. ಮಾರುಕಟ್ಟೆಯ ದಕ್ಷಿಣ ತುದಿಯಲ್ಲಿ ಚಿಕ್ಕ ಗಡಿಯಾರ, ಉತ್ತರ ತುದಿಯಲ್ಲಿ ಧನ್ವಂತರಿ ರಸ್ತೆ. ಒಬ್ಬರು ಪ್ರಕಟಣೆ ಓದಬೇಕು, ಇನ್ನೊಬ್ಬರು ಬೇರೇನೂ ಕೇಳದೆ ನಕ್ಷೆಯ ಮೇಲೆ ಬೆರಳು ಸರಿಸಬೇಕು ಎಂಬುದು ನಿಯಮ. "ಸ್ವಲ್ಪ ಮುಂದೆ ಬಂದರೆ ಬಲಕ್ಕೆ" ಎಂಬಲ್ಲಿ ಬೆರಳು ನಿಂತುಬಿಟ್ಟಿತು. ಯಾವ ಕಡೆಯಿಂದ ಬಂದರೆ ಬಲ? ಕೆ.ಆರ್. ವೃತ್ತದಿಂದ ಬರುವವರಿಗೆ ಮಾರುಕಟ್ಟೆ ಎಡಕ್ಕೆ, ಅಂಗಡಿ ಬಲಕ್ಕೆ. ಆಯುರ್ವೇದ ಕಾಲೇಜು ವೃತ್ತದಿಂದ ಇಳಿದು ಬರುವವರಿಗೆ ಅಂಗಡಿಯೇ ಎಡಕ್ಕೆ. "ಮಾರುಕಟ್ಟೆ ಎದುರು" ಎಂಬುದೂ ಸಾಲದು. ಮಾರುಕಟ್ಟೆ ರಸ್ತೆಯ ಉದ್ದಕ್ಕೂ ಚಾಚಿಕೊಂಡಿದೆ, ಅದಕ್ಕೆ ಬಾಗಿಲುಗಳೂ ಒಂದಕ್ಕಿಂತ ಹೆಚ್ಚು. ಅಂಗಡಿ ಧನ್ವಂತರಿ ರಸ್ತೆಯ ಕಡೆಗಿದೆ ಎಂದು ಗೊತ್ತುಮಾಡಿಕೊಂಡು, ದಾಟಿ ಹೋದರೆ ತಿಳಿಯುವುದು ಹೇಗೆ ಎಂದು ಕೇಳಿದೆ. ಧನ್ವಂತರಿ ರಸ್ತೆಯ ಕೂಡುದಾರಿ ಸಿಕ್ಕರೆ ಅಂಗಡಿ ಹಿಂದೆ ಉಳಿಯಿತು ಎಂಬ ಉತ್ತರ ಬಂತು. ದಾರಿ ಹೇಳುವಾಗ ಹೆಚ್ಚಿನವರು ಬಿಟ್ಟುಬಿಡುವ ವಾಕ್ಯ ಇದು, ಹೊಸಬರಿಗೆ ಎಲ್ಲಕ್ಕಿಂತ ಉಪಯೋಗದ್ದೂ ಇದೇ.

ಮೌಲ್ಯಮಾಪನಕ್ಕೆ ಪ್ರತಿ ಜೋಡಿಯೂ ಪ್ರಕಟಣೆಯನ್ನು ತಿದ್ದಿ ಬರೆಯಬೇಕಿತ್ತು. ಅಂಕ ಕೊಟ್ಟದ್ದು ಬರವಣಿಗೆಯ ಅಂದಕ್ಕಲ್ಲ. ಒಂದು ಜೋಡಿಯ ಹಾಳೆಯನ್ನು ಬೇರೆ ಮೂರು ಜೋಡಿಗಳಿಗೆ ಕೊಟ್ಟು, 15 ನೋಟ್‌ಬುಕ್ಕಿನ ಬಿಲ್ಲು ಮಾಡಿಸಿದೆ, ನಕ್ಷೆಯಲ್ಲಿ ಬೆರಳು ಇಡಿಸಿದೆ. ಮೂವರದೂ ಒಂದೇ ಮೊತ್ತ, ಒಂದೇ ಜಾಗ ಬಂದರೆ ಪ್ರಕಟಣೆ ಗೆದ್ದಂತೆ. ಹೀಗೆ ಗೆದ್ದ ಒಂದು ಹಾಳೆ ಇದು, ಕಾಗುಣಿತವನ್ನಷ್ಟೇ ತಿದ್ದಿದ್ದೇನೆ:

"ನಮ್ಮ ಹೊಸ ಶಾಖೆ ಜೂನ್ 1, ಸೋಮವಾರ ಬೆಳಿಗ್ಗೆ 9ಕ್ಕೆ ತೆರೆಯುತ್ತದೆ. ಪ್ರತಿದಿನ ಬೆಳಿಗ್ಗೆ 9ರಿಂದ ರಾತ್ರಿ 8, ಮಧ್ಯಾಹ್ನವೂ ತೆರೆದಿರುತ್ತದೆ. ಭಾನುವಾರ ರಜೆ. ಜೂನ್ 6, ಶನಿವಾರ ರಾತ್ರಿ 8ರವರೆಗೆ ಎಲ್ಲ ನೋಟ್‌ಬುಕ್‌ಗಳಿಗೆ ಮುದ್ರಿತ ಬೆಲೆಯಲ್ಲಿ ಶೇ. 20 ಕಡಿತ. ಕಡಿತದ ನಂತರ ಬಿಲ್ಲು ₹500 ಅಥವಾ ಹೆಚ್ಚಾದರೆ ಆ ಬಿಲ್ಲಿನಲ್ಲಿ ಶೇ. 10 ಕಡಿತ. ಮೂರು ಪೆನ್ನು ತೆಗೆದುಕೊಂಡರೆ ಕಡಿಮೆ ಬೆಲೆಯದು ಉಚಿತ. ದಾರಿ: ಕೆ.ಆರ್. ವೃತ್ತದಿಂದ ಸಯ್ಯಾಜಿರಾವ್ ರಸ್ತೆಯಲ್ಲಿ ಬನ್ನಿ. ಎಡಕ್ಕೆ ಚಿಕ್ಕ ಗಡಿಯಾರ, ಆಮೇಲೆ ದೇವರಾಜ ಮಾರುಕಟ್ಟೆ. ಮಾರುಕಟ್ಟೆ ಮುಗಿಯುವ ಮೊದಲು ಬಲಕ್ಕೆ ನಮ್ಮ ಅಂಗಡಿ. ಧನ್ವಂತರಿ ರಸ್ತೆ ಸಿಕ್ಕಿದರೆ ಹಿಂದಕ್ಕೆ ಬನ್ನಿ."

ಮೂಲ ಪ್ರಕಟಣೆಗಿಂತ ಇದು ಉದ್ದವಾಯಿತು, ಕರಪತ್ರದಲ್ಲಿ ಇಷ್ಟು ಜಾಗ ಇರುವುದಿಲ್ಲ ಎಂದು ನನ್ನ ಸಹ ಪ್ರಶಿಕ್ಷಣಾರ್ಥಿಯೊಬ್ಬರು ಹೇಳಿದರು. ಅದು ನಿಜ. ಹಾಗಾಗಿ ಇದೇ ಹಾಳೆಯನ್ನು ಅರವತ್ತು ಪದಗಳಿಗೆ ಇಳಿಸುವ ಚಟುವಟಿಕೆಯನ್ನು ಕನ್ನಡ ವಿಷಯದ ಪ್ರಶಿಕ್ಷಣಾರ್ಥಿಗಳ ಜೊತೆ ಸೇರಿ ಮಾಡಲಿದ್ದೇವೆ, ಬಿಲ್ಲಿನ ಪರೀಕ್ಷೆ ಅಲ್ಲಿಯೂ ಇರುತ್ತದೆ. ಗ್ರಾಫ್ ಪುಸ್ತಕವೂ ನೋಟ್‌ಬುಕ್ಕೇ ಎಂದು ಕೊನೆಯ ಬೆಂಚಿನ ಜೋಡಿ ಕೇಳಿದ ಪ್ರಶ್ನೆಗೆ ಈ ಹಾಳೆಯಲ್ಲೂ ಉತ್ತರವಿಲ್ಲ. ಆ ಜೋಡಿಗೆ ಪೂರ್ಣ ಅಂಕ ಕೊಟ್ಟೆ.