ಹಸಿ ಮರ, ಒಣ ಮರ: ಹೆಗ್ಗೋಡಿನ ಮಳೆಯಲ್ಲಿ ಒಂದು ಬಾಗಿಲಿನ ಲೆಕ್ಕ

ಸಾಗರದಿಂದ ಹೆಗ್ಗೋಡಿಗೆ ಹೋಗುವ ದಾರಿಯಲ್ಲಿ ಯಾವುದಾದರೂ ಹಳೇ ಹೆಂಚಿನ ಮನೆಗೆ ಜುಲೈ ತಿಂಗಳಲ್ಲಿ ಹೋಗಿ ನೋಡಿ. ಒಂದಾದರೂ ಬಾಗಿಲು ಭುಜ ಕೊಟ್ಟು ದೂಡದೆ ಹಾಕಲಾಗದು. ಅದೇ ಬಾಗಿಲು ಏಪ್ರಿಲ್‌ನಲ್ಲಿ ಸಲೀಸಾಗಿ ಓಡಾಡುತ್ತಿತ್ತು. "ಮಳೆಗಾಲ ಅಲ್ವಾ, ಮರ ಉಬ್ಬಿದೆ" ಅಂತ ಮನೆಯವರು ಹೇಳ್ತಾರೆ. ಹೇಳೋದು ಸರಿಯೇ. ಆದರೆ ಎಷ್ಟು ಉಬ್ಬಿದೆ, ಯಾಕೆ ಆ ಬಾಗಿಲೇ ಉಬ್ಬಿತು, ಪಕ್ಕದ್ದು ಯಾಕೆ ಉಬ್ಬಲಿಲ್ಲ ಅನ್ನೋದನ್ನು ನಾವು ಲೆಕ್ಕ ಹಾಕಿಯೇ ಹೇಳಬಹುದು. ಬಿಲ್ಡಿಂಗ್ ಮೆಟೀರಿಯಲ್ಸ್ ಪೇಪರ್‌ನಲ್ಲಿ ಐದು ಮಾರ್ಕಿಗೆ ಬರೆದು ಮರೆಯುವ 'ಸೀಸನಿಂಗ್' ಅಂದರೆ ಏನು ಅನ್ನೋದು ಈ ಲೆಕ್ಕದಲ್ಲೇ ತಿಳಿಯುತ್ತದೆ.

ಮರದೊಳಗೆ ನೀರು ಎರಡು ಕಡೆ ಇರುತ್ತದೆ. ಜೀವಕೋಶದ ಪೊಳ್ಳಿನಲ್ಲಿ ನಿಂತ ನೀರು ಒಂದು, ಕೋಶದ ಗೋಡೆಯೇ ಹೀರಿಕೊಂಡ ನೀರು ಇನ್ನೊಂದು. ಮರ ಒಣಗುವಾಗ ಮೊದಲು ಪೊಳ್ಳಿನ ನೀರು ಹೋಗುತ್ತದೆ. ಆಗ ತೂಕ ಇಳಿಯುತ್ತದೆ, ಅಳತೆ ಬದಲಾಗುವುದಿಲ್ಲ. ತೇವಾಂಶ ಸುಮಾರು 28-30 ಶೇಕಡಾಕ್ಕೆ ಬಂದಾಗ ಪೊಳ್ಳು ಖಾಲಿ. ಅಲ್ಲಿಂದ ಕೆಳಗೆ ಗೋಡೆಯ ನೀರು ಹೋಗಲು ಶುರುವಾಗುತ್ತದೆ, ಮರ ಕುಗ್ಗುವುದು ಇಲ್ಲಿಂದಲೇ. ಕುಗ್ಗಿದ ಮೇಲೂ ಕಥೆ ಮುಗಿಯಲಿಲ್ಲ. ಸುತ್ತಲಿನ ಗಾಳಿಯ ತೇವಕ್ಕೆ ಸರಿಯಾಗಿ ಮರ ಮತ್ತೆ ನೀರು ಹೀರುತ್ತದೆ, ಬಿಡುತ್ತದೆ. ಗಾಳಿಯ ಆರ್ದ್ರತೆ 60 ಶೇಕಡಾ ಇದ್ದರೆ ಮರ ಕೊನೆಗೆ ನಿಲ್ಲುವುದು ಸುಮಾರು 11ರಲ್ಲಿ, 80 ಇದ್ದರೆ 16ರಲ್ಲಿ, 90 ಇದ್ದರೆ 20ರ ಹತ್ತಿರ. ಮಲೆನಾಡಿನ ಜುಲೈಯಲ್ಲಿ 90 ದಾಟುವುದು ವಿಶೇಷವೇನಲ್ಲ.

ಇನ್ನೊಂದು ಸಂಗತಿ. ಮರ ಎಲ್ಲ ದಿಕ್ಕಿಗೂ ಒಂದೇ ಸಮ ಕುಗ್ಗುವುದಿಲ್ಲ. ಉದ್ದಕ್ಕೆ ಕುಗ್ಗುವುದು ಲೆಕ್ಕಕ್ಕೇ ಇಲ್ಲ. ವಾರ್ಷಿಕ ಉಂಗುರದ ಗುಂಟ ಕುಗ್ಗುವುದು, ತಿರುಳಿನಿಂದ ತೊಗಟೆಯ ಕಡೆಗೆ ಕುಗ್ಗುವುದರ ಸುಮಾರು ಎರಡು ಪಟ್ಟು. ಸಾಗುವಾನಿಗೆ ಪೂರ್ತಿ ಹಸಿಯಿಂದ ಪೂರ್ತಿ ಒಣಗುವಷ್ಟರಲ್ಲಿ ಉಂಗುರದ ಗುಂಟ 5.8 ಶೇಕಡಾ, ತಿರುಳಿನ ದಿಕ್ಕಿಗೆ 2.5. ಇದು ತುಂಬಾ ಕಡಿಮೆ, ಸಾಗುವಾನಿಯ ಹೆಸರು ಬಂದದ್ದರಲ್ಲಿ ಅರ್ಧ ಈ ಕಾರಣಕ್ಕೆ. 5.8ನ್ನು 28ರಿಂದ ಭಾಗಿಸಿದರೆ, ತೇವಾಂಶ 1 ಶೇಕಡಾ ಬದಲಾದರೆ ಅಗಲ ಸುಮಾರು 0.2 ಶೇಕಡಾ ಬದಲಾಗುತ್ತದೆ ಅಂತಾಯ್ತು.

ಈಗ ಬಾಗಿಲಿಗೆ ಬರೋಣ. 900 ಮಿ.ಮೀ. ಅಗಲದ ಹಲಗೆ ಬಾಗಿಲು, ನಿಂತ ಹಲಗೆಗಳನ್ನು ಒತ್ತಿಟ್ಟು ಹಿಂದೆ ಅಡ್ಡಪಟ್ಟಿ ಹೊಡೆದದ್ದು. ಏಪ್ರಿಲ್‌ನಲ್ಲಿ 12 ಶೇಕಡಾ ಇದ್ದ ತೇವಾಂಶ ಜುಲೈ ಕೊನೆಗೆ 17 ಆಯ್ತು ಅಂತಿಟ್ಟುಕೊಳ್ಳಿ (ದಪ್ಪ ಹಲಗೆ 20ರವರೆಗೆ ಹೋಗುವಷ್ಟು ಹೊತ್ತು ಸಿಗುವುದಿಲ್ಲ). ವ್ಯತ್ಯಾಸ 5. ಐದನ್ನು 0.2ರಿಂದ ಗುಣಿಸಿದರೆ 1 ಶೇಕಡಾ. 900ರಲ್ಲಿ 1 ಶೇಕಡಾ ಅಂದರೆ 9 ಮಿ.ಮೀ. ಬಡಗಿಗಳು ಸುತ್ತ ಬಿಡುವ ಸಂದು ಮೂರು-ನಾಲ್ಕು ಮಿ.ಮೀ. ಇರುತ್ತದೆ. ಬಾಗಿಲು ಸಿಕ್ಕಿಹಾಕಿಕೊಳ್ಳದೆ ಇನ್ನೇನು ಮಾಡುತ್ತದೆ? ಪಕ್ಕದ ಕೋಣೆಯದು ಪ್ಯಾನೆಲ್ ಬಾಗಿಲು. ಅದರಲ್ಲಿ ಎರಡು ಪಕ್ಕದ ನಿಲುವುಪಟ್ಟಿಗಳು ತಲಾ 100 ಮಿ.ಮೀ., ನಡುವಿನ ಹಲಗೆ ಗಾಡಿಯಲ್ಲಿ ಸಡಿಲವಾಗಿ ಕೂತಿದೆ, ಅದು ತನ್ನಷ್ಟಕ್ಕೆ ಒಳಗೇ ಉಬ್ಬುತ್ತದೆ. ಹೊರ ಅಳತೆಗೆ ಲೆಕ್ಕಕ್ಕೆ ಬರುವುದು 200 ಮಿ.ಮೀ. ಮಾತ್ರ, ಅದರ 1 ಶೇಕಡಾ 2 ಮಿ.ಮೀ. ಎರಡೂ ಅದೇ ಮರ, ಅದೇ ಮಳೆ. ವ್ಯತ್ಯಾಸ ಜೋಡಣೆಯದು. ಆ ಪ್ಯಾನೆಲ್ಲಿಗೆ ಫೆವಿಕಾಲ್ ಹಾಕಿ ಬಿಗಿದುಬಿಟ್ಟರೆ ಮಾತ್ರ ಈ ಲಾಭವೆಲ್ಲ ಹೋಯ್ತು. ಮೊದಲ ಬೇಸಿಗೆಗೇ ನಡುವೆ ಸೀಳು ಬರುತ್ತದೆ.

ಮೇಲಿನದು ಒಣಗಿದ ಮರದ ಮಾತು. ಹಸಿ ಮರದಲ್ಲೇ ದಾರಂದ ಮಾಡಿ ಗೋಡೆಗೆ ಕೂರಿಸಿದರೆ? 125 ಮಿ.ಮೀ. ಅಗಲದ ಮುಖ 28ರಿಂದ 13ಕ್ಕೆ ಇಳಿಯುವಾಗ 3 ಶೇಕಡಾ, ಅಂದರೆ 4 ಮಿ.ಮೀ.ಯಷ್ಟು ಕುಗ್ಗುತ್ತದೆ. ಗೋಡೆಗೂ ದಾರಂದಕ್ಕೂ ನಡುವೆ ಗಾರೆ ಬಿಟ್ಟು ಗೆರೆ ಕಾಣಿಸುವುದು ಇದರಿಂದ. ಆ ಗೆರೆಯೇ ಮುಂದೆ ಒರಲೆಗೆ ದಾರಿ. ತಿರುಳು ನಡುವಲ್ಲೇ ಇರುವಂತೆ ಸಣ್ಣ ದಿಮ್ಮಿಯಿಂದ ಕೊಯ್ದ ತುಂಡಾದರೆ ಇನ್ನೂ ಕಷ್ಟ. ಸುತ್ತಳತೆ ಹೆಚ್ಚು ಕುಗ್ಗಬೇಕು, ತ್ರಿಜ್ಯ ಕಡಿಮೆ ಕುಗ್ಗುತ್ತದೆ. ಆ ಜಗಳ ಒಂದು ಕಡೆ ಬಿರಿದೇ ತೀರುತ್ತದೆ. ದಾರಂದ ಕೊಳ್ಳುವಾಗ ತುದಿ ನೋಡಿ, ಉಂಗುರದ ಕೇಂದ್ರ ತುಂಡಿನೊಳಗೇ ಇದ್ದರೆ ಬೇಡ ಅನ್ನಿ.

ಒಣಗಿಸೋದು ಹೇಗೆ? ಮಲೆನಾಡಿನಲ್ಲಿ ಗಾಳಿಗೆ ಒಣಗಿಸಲು ಸಿಗುವುದು ನವೆಂಬರಿನಿಂದ ಮೇ ತನಕ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮರ ಒಣಗುವುದಿರಲಿ, ಒಣಗಿದ್ದೂ ಸ್ವಲ್ಪ ಹಿಂದೆ ಬರುತ್ತದೆ. ಹಾಗಾಗಿ ಮಳೆ ನಿಂತ ಮೇಲೆ ಕಡಿದು ಕೂಡಲೇ ಕೊಯ್ಸಿ, ನೆಲದಿಂದ ಒಂದೂವರೆ ಅಡಿ ಎತ್ತರಕ್ಕೆ ಕಲ್ಲಿನ ಮೇಲೆ, ನೆರಳಲ್ಲಿ, ಗಾಳಿ ಆಡುವ ಕಡೆ ಅಟ್ಟಿ ಹಾಕಬೇಕು. ಪ್ರತಿ ಪದರದ ನಡುವೆ ಒಂದಿಂಚು ದಪ್ಪದ ಒಣ ರೀಪು, ಎರಡಡಿಗೆ ಒಂದು. ರೀಪುಗಳು ಮೇಲಿಂದ ಕೆಳಗೆ ಒಂದೇ ನೇರಕ್ಕೆ ಇರಬೇಕು, ಇಲ್ಲದಿದ್ದರೆ ಹಲಗೆ ಅಲ್ಲೇ ಸೊಟ್ಟಗಾಗುತ್ತದೆ. ತುದಿಗಳಿಂದ ನೀರು ಬೇಗ ಓಡಿಹೋಗಿ ಬಿರಿಯುವುದರಿಂದ ತುದಿಗೆ ಮೇಣ, ಟಾರು ಅಥವಾ ದಪ್ಪ ಬಣ್ಣ ಬಳಿಯಬೇಕು. ನಮ್ಮ ಕಡೆ ಆಚಾರ್ರು ಸೆಗಣಿ ಬಳಿಯುತ್ತಿದ್ದದ್ದೂ ಇದಕ್ಕೇ. ಇಂಚಿಗೆ ಒಂದು ವರ್ಷ ಅನ್ನುವ ಮಾತು ಅಂದಾಜಿಗೆ ಸರಿ. ಆದರೆ ಅಂದಾಜಿಗಿಂತ ತೂಕ ವಾಸಿ.

ತೂಕದ ವಿಧಾನ ನಮ್ಮ ಲ್ಯಾಬಿನಲ್ಲೇ ಮಾಡಬಹುದು. ಅಟ್ಟಿಯಿಂದ ಒಂದು ಹಲಗೆ ಆರಿಸಿ. ತುದಿಯಿಂದ ಒಂದಡಿ ಬಿಟ್ಟು, ಒಂದಿಂಚಿನ ಒಂದು ಹಾಳೆ ಕತ್ತರಿಸಿ ಕೂಡಲೇ ತೂಗಿ. ತುದಿಯಲ್ಲೇ ಕತ್ತರಿಸಿದರೆ ಒಣಗಿದ ಭಾಗವೇ ಸಿಕ್ಕಿ ಲೆಕ್ಕ ಸುಳ್ಳಾಗುತ್ತದೆ. 186 ಗ್ರಾಂ ಬಂತು ಅನ್ನಿ. 103 ಡಿಗ್ರಿ ಓವನ್‌ನಲ್ಲಿ ತೂಕ ಇಳಿಯುವುದು ನಿಲ್ಲುವವರೆಗೆ ಇಟ್ಟಾಗ 150 ಗ್ರಾಂ. ಹೋದ ನೀರು 36, ಒಣ ತೂಕದ 24 ಶೇಕಡಾ. ಉಳಿದ ಹಲಗೆಯ ತುದಿಗೆ ಬಣ್ಣ ಬಳಿದು ತೂಗಿದರೆ 9.30 ಕೆ.ಜಿ. ಅದರ ಒಣ ತೂಕ 9.30ನ್ನು 1.24ರಿಂದ ಭಾಗಿಸಿದರೆ 7.50. ನಮಗೆ ಬೇಕಾದ್ದು 14 ಶೇಕಡಾ ಆದರೆ 7.50ನ್ನು 1.14ರಿಂದ ಗುಣಿಸಿ, 8.55. ಹಲಗೆಯನ್ನು ಮತ್ತೆ ಅಟ್ಟಿಯೊಳಗೇ ಇಟ್ಟು ಹದಿನೈದು ದಿನಕ್ಕೊಮ್ಮೆ ತೂಗಿ. 8.55ಕ್ಕೆ ಬಂದ ದಿನ ಬಡಗಿಯನ್ನು ಕರೆಯಬಹುದು. ಮೇ ಕೊನೆಗೂ ಬರದಿದ್ದರೆ ಆಚಾರ್ರು ಹೇಳುವ "ಇನ್ನೊಂದ್ ಬೇಸಿಗೆ ಕಳೀಲಿ" ಅನ್ನೋದೇ ಸರಿ, ಇಲ್ಲವೇ ಕಿಲ್ನ್ ಇರುವ ಮಿಲ್ಲಿಗೆ ಕಳಿಸಬೇಕು. ಸೂಜಿ ಚುಚ್ಚುವ ಮೀಟರುಗಳೂ ಇವೆ. ಅವು ಮೇಲ್ಮೈಯನ್ನಷ್ಟೇ ಓದುತ್ತವೆ, ದಪ್ಪ ತುಂಡಿನ ಒಳಗು ಇನ್ನೂ ಹಸಿಯಿರಬಹುದು.

ಯಾವ ಮರ? ದಾರಂದಕ್ಕೆ ಇಲ್ಲಿ ಸಾಗುವಾನಿ, ಹೊನ್ನೆ, ಹಲಸು. ಹೊನ್ನೆಯ ಕೆಚ್ಚು ನೀರು ತಾಗಿದರೆ ಬಣ್ಣ ಬಿಡುತ್ತದೆ, ಸಕ್ಕರೆ ಕಾಯಿಲೆಯವರು ಹೊನ್ನೆ ಲೋಟದ ನೀರು ಕುಡಿಯುವುದನ್ನು ನೋಡಿರಬಹುದು. ಬಿಳಿ ಗೋಡೆಯ ಪಕ್ಕ ಇಡುವಾಗ ಅದು ನೆನಪಿರಲಿ. ಮಾಡಿಗೆ ಮತ್ತಿ, ನಂದಿ. ಮತ್ತಿ ಗಟ್ಟಿ, ಭಾರ. ಬೇಗ ಒಣಗಿಸಲು ಹೋದರೆ ಮೈಯೆಲ್ಲ ಬಿರುಕು, ಅದಕ್ಕೆ ಬಿಸಿಲು ತಾಗಿಸಲೇಬಾರದು. ರೀಪಿಗೆ ಅಡಿಕೆ ದಬ್ಬೆ. ತೋಟದ ಮರವಾದರೂ ಇವುಗಳಲ್ಲಿ ಹೆಚ್ಚಿನವನ್ನು ಕಡಿಯಲು ಅರಣ್ಯ ಇಲಾಖೆಯ ಅನುಮತಿ ಬೇಕು.

ಜಾತಿಗಿಂತ ಮುಖ್ಯವಾದ್ದು ಕೆಚ್ಚು. ಸಾಗುವಾನಿಗೆ ಒರಲೆ ಹಿಡಿಯಲ್ಲ ಅನ್ನುವುದು ಅದರ ಕೆಚ್ಚಿನ ಮಾತು. ಹೊರಗಿನ ಬಿಳಿ ಭಾಗವನ್ನು ಒರಲೆ ಯಾವ ಜಾತಿಯ ಮರದಲ್ಲೂ ತಿನ್ನುತ್ತದೆ, ಸಾಗುವಾನಿಯದನ್ನೂ. ಎಳೆಯ ನೆಡುತೋಪಿನ ಮರದಲ್ಲಿ ಬಿಳಿ ಭಾಗವೇ ಹೆಚ್ಚು. ಹಾಗಾಗಿ ಬಿಳಿ ಅಂಚಿರುವ ಸಾಗುವಾನಿಗಿಂತ ಪೂರ್ತಿ ಕೆಚ್ಚಿನ ಹಲಸೇ ಒಳ್ಳೆಯದು ಅಂತ ನಮ್ಮ ಅಭಿಪ್ರಾಯ.

ಬೂಷ್ಟಿನ ಲೆಕ್ಕ ಸರಳ: ಮರ ಕೊಳೆಸುವ ಶಿಲೀಂಧ್ರಕ್ಕೆ 20 ಶೇಕಡಾಕ್ಕಿಂತ ಹೆಚ್ಚು ತೇವ ಬೇಕು. ಗಾಳಿಯ ತೇವ ಒಂದೇ ಆದರೆ ಮರ ಆ ಗೆರೆಯ ಹತ್ತಿರ ಹೋಗಿ ನಿಲ್ಲುತ್ತದೆ. ಗೆರೆ ದಾಟಿಸುವುದು ಒಡೆದ ಹೆಂಚು, ಗೋಡೆಯೊಳಗೆ ಹೂತ ಪಕಾಸಿಯ ತುದಿ, ಗಾಳಿಯಾಡದ ಅಟ್ಟ. ಹಿಂದೆ ಒಲೆಯ ಹೊಗೆ ಮಳೆಗಾಲವಿಡೀ ಮಾಡನ್ನು ಒಣಗಿಸುತ್ತಿತ್ತು. ಗ್ಯಾಸ್ ಬಂದ ಮೇಲೆ ಆ ಕೆಲಸಕ್ಕೆ ಗವಾಕ್ಷಿ ಬಿಟ್ಟರೆ ಬೇರೆ ದಿಕ್ಕಿಲ್ಲ. ಮೇಲೆ ಕಾಣುವ ಹಸಿರು-ಕಪ್ಪು ಬೂಷ್ಟು ಒರೆಸಿದರೆ ಹೋಗುತ್ತದೆ, ಮರದ ಬಲ ಕಳೆಯುವುದಿಲ್ಲ. ಕೊಳೆತ ನೋಡಬೇಕಾದರೆ ಚೂಪು ಸ್ಕ್ರೂಡ್ರೈವರ್ ಚುಚ್ಚಿ ಎಬ್ಬಿಸಿ. ಉದ್ದ ಸಿಬಿರು ಎದ್ದರೆ ಮರ ಗಟ್ಟಿ. ಬಿಸ್ಕತ್ತಿನ ಹಾಗೆ ಅಲ್ಲೇ ಮುರಿದರೆ ಕೊಳೆತಿದೆ. ಗೋಡೆಹಲಗೆಯ ಮೇಲೆ ಪಕಾಸಿ ಕೂರುವ ಜಾಗ ಮೊದಲು ನೋಡಬೇಕಾದ್ದು.

ಒರಲೆ ಬರುವುದು ನೆಲದಿಂದ. ದಾರಂದದ ಕಾಲನ್ನು ನೆಲದೊಳಗೆ ಹೂಳದೆ ಕಲ್ಲಿನ ಮೇಲೆ ನಿಲ್ಲಿಸುವುದು ಮೊದಲ ರಕ್ಷೆ. ಹೊಸ ಮನೆಯಾದರೆ ನೆಲ ಹಾಕುವ ಮೊದಲು ಅಡಿಪಾಯದೊಳಗಿನ ಮಣ್ಣಿಗೆ ಚದರ ಮೀಟರಿಗೆ 5 ಲೀಟರಿನಂತೆ ಔಷಧಿ ದ್ರಾವಣ ಹೊಯ್ಯಬೇಕು (ಐಎಸ್ 6313). ಬಾವಿ ಹತ್ತಿರವಿದ್ದರೆ ಇದರಲ್ಲಿ ಎಚ್ಚರ ಬೇಕು.

ಬಿಳಿ ಭಾಗ ಬಿಡಲಾಗದ ಮರಕ್ಕೆ ಬೋರಾನ್ ಉಪಚಾರ ಸುಲಭ: 100 ಲೀಟರ್ ನೀರಿಗೆ 3 ಕೆ.ಜಿ. ಬೊರಾಕ್ಸ್, 2 ಕೆ.ಜಿ. ಬೋರಿಕ್ ಆಸಿಡ್. ಇಲ್ಲಿ ಸೀಸನಿಂಗಿಗೆ ತಿರುಗುಮುರುಗು, ಮರ ಹಸಿಯಿರುವಾಗಲೇ ಅದ್ದಬೇಕು. ಉಪ್ಪು ಒಳಗೆ ಹರಡುವುದು ಮರದ ನೀರಿನ ಮೂಲಕವೇ. ಅದ್ದಿದ ಮೇಲೆ ಪ್ಲಾಸ್ಟಿಕ್ ಹೊದಿಸಿ ಕೆಲವು ವಾರ ಇಟ್ಟು, ಆಮೇಲೆ ಅಟ್ಟಿ ಹಾಕಬೇಕು. ಮಳೆ ತಾಗುವ ಕಡೆ ಇದು ತೊಳೆದುಹೋಗುತ್ತದೆ, ಮನೆಯೊಳಗಿನ ಮರಕ್ಕಷ್ಟೇ ಸರಿ. ಎಷ್ಟು ಆಳಕ್ಕೆ ಇಳಿದಿದೆ ಅಂತ ನೋಡಲು ತುಂಡನ್ನು ಅಡ್ಡ ಕತ್ತರಿಸಿ, ಒಣಗಿದ ಮೇಲೆ ಸ್ಪಿರಿಟ್‌ನಲ್ಲಿ ಕದಡಿದ ಅರಿಶಿನ ಬಳಿದು, ಅದರ ಮೇಲೆ ಸ್ಯಾಲಿಸಿಲಿಕ್ ಆಸಿಡ್ ಬೆರೆಸಿದ ಹೈಡ್ರೋಕ್ಲೋರಿಕ್ ಆಸಿಡ್ ಸವರುತ್ತಾರೆ. ಬೋರಾನ್ ಇರುವಷ್ಟು ಜಾಗ ಕೆಂಪಾಗುತ್ತದೆ, ಇಲ್ಲದ ಕಡೆ ಹಳದಿಯೇ ಉಳಿಯುತ್ತದೆ. ಕೆಂಪು ಅಂಚಿನಲ್ಲೇ ನಿಂತಿದ್ದರೆ ಅಷ್ಟಕ್ಕೇ ರಂದ ಹೊಡೆದು ಆ ಅಂಚನ್ನು ತೆಗೆಯಬೇಡಿ ಅಂತ ಬಡಗಿಗೆ ಮೊದಲೇ ಹೇಳಿಡಬೇಕು.