ಶಾಲೆಯ ದಾಖಲಾತಿ ಪೋಸ್ಟರ್ ಓದುವುದು ಹೇಗೆ?



ಬೇಸಿಗೆ ರಜೆ ಮುಗಿಯುವ ಹೊತ್ತಿಗೆ ಊರಿನ ಶಾಲೆಯ ಗೇಟಿನಲ್ಲಿ, ಅಂಗನವಾಡಿ ಗೋಡೆಯಲ್ಲಿ, ಪಂಚಾಯ್ತಿ ಕಟ್ಟೆಯಲ್ಲಿ ದಾಖಲಾತಿ ಪೋಸ್ಟರ್ ಅಂಟಿಸಿರುತ್ತಾರೆ. ಅದರಲ್ಲಿ ಇರುವುದು ಮೂರೇ ವಿಷಯ: ವಯಸ್ಸು, ದಾಖಲೆ, ಕಚೇರಿ ಸಮಯ. ಆದರೂ ಆ ಮೂರು ಸಾಲನ್ನು ಸರಿಯಾಗಿ ಓದದೆ ಎಷ್ಟೋ ತಾಯಂದಿರು ಕೂಲಿ ಬಿಟ್ಟು ಎರಡು ಮೂರು ಸಲ ಶಾಲೆಗೆ ಅಲೆಯುತ್ತಾರೆ. ಈ ಸಲದ ಪಾಠದಲ್ಲಿ ಸರ್ಕಾರಿ ಶಾಲೆಯ ಒಂದು ಮಾದರಿ ಪೋಸ್ಟರನ್ನು ಸಾಲು ಸಾಲಾಗಿ ನೋಡೋಣ.

"2026-27ನೇ ಸಾಲಿನ ದಾಖಲಾತಿ ಆರಂಭವಾಗಿದೆ. 1ನೇ ತರಗತಿಗೆ 6 ವರ್ಷ ತುಂಬಿರಬೇಕು. ಜನನ ಪ್ರಮಾಣಪತ್ರ, ಆಧಾರ್, ಜಾತಿ ಮತ್ತು ಆದಾಯ ಪ್ರಮಾಣಪತ್ರ, ಫೋಟೋ ತರತಕ್ಕದ್ದು. ಕಚೇರಿ ಸಮಯ: ಬೆಳಿಗ್ಗೆ 10ರಿಂದ 4."

ವಯಸ್ಸಿನ ಸಾಲು

"6 ವರ್ಷ ತುಂಬಿರಬೇಕು" ಅಂತ ಬರೆದಿದೆ. ಆದರೆ ಯಾವ ದಿನಕ್ಕೆ? ಪೋಸ್ಟರ್ ಹೇಳದೆ ಬಿಟ್ಟಿರುವುದು ಇದನ್ನೇ. ಕರ್ನಾಟಕ ಸರ್ಕಾರದ 2022ರ ಆದೇಶದಲ್ಲಿ ಲೆಕ್ಕದ ದಿನ ಜೂನ್ 1. ಸೇರಿಸಲು ಹೋದ ದಿನದ ವಯಸ್ಸು ಲೆಕ್ಕಕ್ಕೆ ಬರುವುದಿಲ್ಲ.

ಇಬ್ಬರು ತಾಯಂದಿರಿದ್ದಾರೆ ಅಂದುಕೊಳ್ಳಿ. ಮೊದಲನೆಯವರ ಮಗ ಹುಟ್ಟಿದ್ದು 2020ರ ಮೇ 28ಕ್ಕೆ. ಹುಟ್ಟಿದ ವರ್ಷಕ್ಕೆ 6 ಕೂಡಿಸಿದರೆ 2026ರ ಮೇ 28. ಇದು ಜೂನ್ 1ಕ್ಕಿಂತ ಮುಂಚೆ ಬಂತು, ಮಗು ಒಂದನೇ ತರಗತಿಗೆ ಸೇರಬಹುದು. ಎರಡನೆಯವರ ಮಗಳು ಹುಟ್ಟಿದ್ದು 2020ರ ಜೂನ್ 14ಕ್ಕೆ. 6 ಕೂಡಿಸಿದರೆ 2026ರ ಜೂನ್ 14. ಜೂನ್ 1ಕ್ಕೆ ಅವಳಿಗೆ 5 ವರ್ಷ 11 ತಿಂಗಳು 18 ದಿನ ಮಾತ್ರ. ಬರೀ 13 ದಿನ ಕಡಿಮೆಯಾದರೂ ಆ ನಿಯಮದ ಪ್ರಕಾರ ಒಂದನೇ ತರಗತಿ ಮುಂದಿನ ವರ್ಷವೇ.

"ಹೋದ ವರ್ಷ ಪಕ್ಕದ ಮನೆ ಮಗುವನ್ನು ಐದೂವರೆಗೇ ಸೇರಿಸಿಕೊಂಡ್ರಲ್ಲ?" ಅಂತ ನೀವು ಕೇಳಬಹುದು. ನಿಜ. 2025ರ ಏಪ್ರಿಲ್‌ನಲ್ಲಿ ಸರ್ಕಾರ 2025-26ನೇ ಸಾಲಿಗೆ ಮಾತ್ರ ಸಡಿಲಿಕೆ ಕೊಟ್ಟು, ಯು.ಕೆ.ಜಿ. ಮುಗಿಸಿದ ಮಕ್ಕಳಿಗೆ 5 ವರ್ಷ 5 ತಿಂಗಳು ಸಾಕು ಅಂದಿತು. ಮುಂದಿನ ಸಾಲಿನಿಂದ 6 ವರ್ಷ ಕಡ್ಡಾಯ ಅಂತ ಆಗಲೇ ತಿಳಿಸಿತು. ಹಾಗಾಗಿ ಹೋದ ವರ್ಷ ಯಾರಿಗೋ ಆಯಿತೆಂದು ನಂಬಿ ಕೂರಬೇಡಿ. "ಈ ಸಾಲಿಗೆ ಯಾವ ದಿನಕ್ಕೆ ಎಷ್ಟು ವಯಸ್ಸು?" ಅಂತ ಮುಖ್ಯೋಪಾಧ್ಯಾಯರನ್ನೇ ಕೇಳಿ.

ಇಲ್ಲಿ ಒಂದು ಎಚ್ಚರಿಕೆ. ಕೆಲವು ದಿನ ಕಡಿಮೆಯಿದೆ ಅಂತ ಹುಟ್ಟಿದ ತಾರೀಖನ್ನು ಹಿಂದೆ ಹಾಕಿ ಬರೆಸುವವರಿದ್ದಾರೆ. ದಾಖಲಾತಿ ರಿಜಿಸ್ಟರಿನಲ್ಲಿ ಬರೆದ ತಾರೀಖೇ ಮುಂದೆ ಟಿ.ಸಿ.ಗೆ, ಅಲ್ಲಿಂದ ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೆ ಹೋಗುತ್ತದೆ. ಆಮೇಲೆ ಜನನ ಪ್ರಮಾಣಪತ್ರದಲ್ಲಿ ಒಂದು ತಾರೀಖು, ಅಂಕಪಟ್ಟಿಯಲ್ಲಿ ಇನ್ನೊಂದು. ಪಾಸ್‌ಪೋರ್ಟಿಗೋ ಕೆಲಸಕ್ಕೋ ಅರ್ಜಿ ಹಾಕುವಾಗ ಸಿಕ್ಕಿಬಿದ್ದು, ತಿದ್ದಿಸಲು ಕೋರ್ಟಿನವರೆಗೂ ಅಲೆಯಬೇಕಾಗುತ್ತದೆ. ಒಂದು ವರ್ಷ ಕಾಯುವುದೇ ಮೇಲು.

ದಾಖಲೆಯ ಸಾಲು

"ತರತಕ್ಕದ್ದು" ಎಂಬ ಮಾತು ನೋಡಿ ಹೆದರಬೇಡಿ. ಪಟ್ಟಿಯಲ್ಲಿರುವ ಎಲ್ಲ ಕಾಗದಕ್ಕೂ ಒಂದೇ ತೂಕ ಇಲ್ಲ.

ಜನನ ಪ್ರಮಾಣಪತ್ರ ವಯಸ್ಸಿಗೆ ಸಾಕ್ಷಿ. ಅದು ಇಲ್ಲದಿದ್ದರೆ? 2009ರ ಶಿಕ್ಷಣ ಹಕ್ಕು ಕಾಯ್ದೆಯ 14ನೇ ಕಲಂ ಪ್ರಕಾರ ವಯಸ್ಸಿನ ದಾಖಲೆ ಇಲ್ಲವೆಂಬ ಕಾರಣಕ್ಕೆ ಮಗುವಿಗೆ ಪ್ರವೇಶ ನಿರಾಕರಿಸುವಂತಿಲ್ಲ. ಅಂಗನವಾಡಿ ದಾಖಲೆ, ಆಸ್ಪತ್ರೆಯ ದಾಖಲೆ ಇದ್ದರೆ ತೆಗೆದುಕೊಂಡು ಹೋಗಿ ತೋರಿಸಿ. ಆದರೆ ಈಗ ಮನೆಯಲ್ಲಿ ಪುಟ್ಟ ಮಗು ಇರುವವರು ಗಮನಿಸಿ: ಜನನ ಮರಣ ನೋಂದಣಿ ಕಾಯ್ದೆಯ ತಿದ್ದುಪಡಿ 2023ರ ಅಕ್ಟೋಬರ್ 1ರಿಂದ ಜಾರಿಗೆ ಬಂದಿದೆ. ಆ ದಿನ ಮತ್ತು ಅದರ ನಂತರ ಹುಟ್ಟಿದ ಮಕ್ಕಳಿಗೆ ಶಾಲೆಗೆ ಸೇರುವಾಗ ಹುಟ್ಟಿದ ದಿನದ ಸಾಕ್ಷಿ ಜನನ ಪ್ರಮಾಣಪತ್ರವೇ. ಆದ್ದರಿಂದ ಈಗಲೇ ಅದನ್ನು ತೆಗೆದು ನೋಡಿ, ಅದರಲ್ಲಿ ಮಗುವಿನ ಹೆಸರು ಇದೆಯೇ? ಎಷ್ಟೋ ಮಕ್ಕಳ ಪತ್ರದಲ್ಲಿ ಹೆಸರಿನ ಜಾಗ ಖಾಲಿ ಇರುತ್ತದೆ, ಯಾಕೆಂದರೆ ನಾಮಕರಣಕ್ಕೆ ಮುಂಚೆಯೇ ನೋಂದಣಿ ಆಗಿರುತ್ತದೆ. ನೋಂದಣಿ ಮಾಡಿದ ಕಚೇರಿಯಲ್ಲೇ ಹೆಸರು ಸೇರಿಸುತ್ತಾರೆ. ಒಂದು ವರ್ಷದೊಳಗೆ ಶುಲ್ಕವಿಲ್ಲ, ಆಮೇಲೆ ತಡ ಶುಲ್ಕ ಕಟ್ಟಬೇಕು.

ಆಧಾರ್ ಇಲ್ಲವೆಂದು ಶಾಲೆಗೆ ಸೇರಿಸಿಕೊಳ್ಳದೆ ಇರುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಇದ್ದರೆ ಕೊಡಿ. ಆದರೆ ಕೊಡುವ ಮುಂಚೆ ಅದರಲ್ಲಿರುವ ಹೆಸರು, ತಾರೀಖು ಜನನ ಪ್ರಮಾಣಪತ್ರದ ಜೊತೆ ಹೊಂದುತ್ತದೆಯೇ ನೋಡಿ. ಹೊಂದದಿದ್ದರೆ ಮೊದಲು ಆಧಾರ್ ತಿದ್ದಿಸುವುದು ಸುಲಭ, ಶಾಲೆಯ ರಿಜಿಸ್ಟರ್ ತಿದ್ದಿಸುವುದು ಕಷ್ಟ.

ಜಾತಿ ಮತ್ತು ಆದಾಯ ಪ್ರಮಾಣಪತ್ರ ಬೇಕಾಗುವುದು ಮುಖ್ಯವಾಗಿ ವಿದ್ಯಾರ್ಥಿವೇತನಕ್ಕೆ. ನಾಡಕಚೇರಿಯಲ್ಲಿ ಅರ್ಜಿ ಹಾಕಿ, ರಸೀದಿ ಇಟ್ಟುಕೊಂಡು ಮಗುವನ್ನು ಸೇರಿಸಿ, ಪತ್ರ ಬಂದ ಮೇಲೆ ಕೊಡಿ. ಎರಡನೇ ತರಗತಿಯಿಂದ ಮೇಲಕ್ಕೆ ಬೇರೆ ಊರಿಂದ ಬಂದ ಮಗುವಾದರೆ ಟಿ.ಸಿ. ಕೇಳುತ್ತಾರೆ. ಹಳೆಯ ಶಾಲೆ ಟಿ.ಸಿ. ಕೊಡಲು ತಡ ಮಾಡಿತು ಅಂತ ಮಗುವನ್ನು ಹೊರಗಿಡುವಂತಿಲ್ಲ. ಇದೂ ಅದೇ ಕಾಯ್ದೆಯ 5ನೇ ಕಲಂನಲ್ಲಿದೆ.

ಅಲ್ಪಸಂಖ್ಯಾತರ ಆಡಳಿತದ ಶಾಲೆಗಳಿಗೆ ಶಿಕ್ಷಣ ಹಕ್ಕು ಕಾಯ್ದೆ ಅನ್ವಯಿಸುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿದೆ. ಅಂಥ ಶಾಲೆಗೆ ಹೋಗುವವರು ಅಲ್ಲಿಯ ನಿಯಮವನ್ನು ಮೊದಲೇ ಕೇಳಿಕೊಳ್ಳಿ.

ಕೊನೆಯದಾಗಿ, ಮೂಲ ಪತ್ರವನ್ನು ತೋರಿಸಿ ವಾಪಸು ತನ್ನಿ. ಶಾಲೆಗೆ ಕೊಡುವುದು ಜೆರಾಕ್ಸ್ ಪ್ರತಿ.

ಕಚೇರಿ ಸಮಯದ ಸಾಲು

"10ರಿಂದ 4" ಅಂದರೆ ಅಷ್ಟೂ ಹೊತ್ತು ಒಬ್ಬರು ಕೂತಿರುತ್ತಾರೆ ಅಂತಲ್ಲ. ಸಣ್ಣ ಸರ್ಕಾರಿ ಶಾಲೆಯಲ್ಲಿ ಗುಮಾಸ್ತರು ಇರುವುದಿಲ್ಲ. ಮುಖ್ಯೋಪಾಧ್ಯಾಯರೇ ಪಾಠ ಮಾಡಬೇಕು, ಮೀಟಿಂಗಿಗೂ ಹೋಗಬೇಕು, ದಾಖಲಾತಿಗೆ ಸಹಿಯನ್ನೂ ಹಾಕಬೇಕು. ಶನಿವಾರ ಸಾಮಾನ್ಯವಾಗಿ ಬೆಳಗಿನ ಶಾಲೆ, ಮಧ್ಯಾಹ್ನ ಹೋದರೆ ಬೀಗ ಹಾಕಿರುತ್ತದೆ. ಹಾಗಾಗಿ ಹಿಂದಿನ ದಿನವೇ ಫೋನ್ ಮಾಡಿ, ಇಲ್ಲಾಂದ್ರೆ ಶಾಲೆಗೆ ಹೋಗುವ ಮಗುವಿನ ಕೈಲಿ ಕೇಳಿಸಿ, "ನಾಳೆ ಎಷ್ಟು ಹೊತ್ತಿಗೆ ಬಂದ್ರೆ ಸಿಗ್ತೀರಿ?" ಅಂತ. ಅರ್ಧ ದಿನದ ಕೂಲಿ ಉಳಿಯುತ್ತದೆ.

ಪೋಸ್ಟರನ್ನು ತಿದ್ದಿ ಬರೆದರೆ

ಸಂಘದ ಅನೇಕ ಸದಸ್ಯೆಯರು ಎಸ್.ಡಿ.ಎಂ.ಸಿ.ಯಲ್ಲೂ ಇದ್ದೀರಿ. ಪೋಸ್ಟರ್ ಬರೆಸುವಾಗ ಹೀಗೆ ಬರೆಯಲು ಹೇಳಬಹುದು:

"1ನೇ ತರಗತಿಗೆ: 2020ರ ಜೂನ್ 1 ಅಥವಾ ಅದಕ್ಕಿಂತ ಮುಂಚೆ ಹುಟ್ಟಿದ ಮಕ್ಕಳು. ಜನನ ಪ್ರಮಾಣಪತ್ರ, ಆಧಾರ್ ಜೆರಾಕ್ಸ್, 2 ಫೋಟೋ ತನ್ನಿ, ಮೂಲ ಪತ್ರ ತೋರಿಸಿ. ಜಾತಿ, ಆದಾಯ ಪತ್ರ ಆಮೇಲೆ ಕೊಡಬಹುದು. ಯಾವುದಾದರೂ ಕಾಗದ ಇಲ್ಲದಿದ್ದರೂ ಮಗುವನ್ನು ಕರೆದುಕೊಂಡು ಬನ್ನಿ. ಮುಖ್ಯೋಪಾಧ್ಯಾಯರು ಸಿಗುವ ಸಮಯ: ಸೋಮವಾರದಿಂದ ಶುಕ್ರವಾರ ಸಂಜೆ 3ರಿಂದ 4, ಶನಿವಾರ ಬೆಳಿಗ್ಗೆ."

ಹುಟ್ಟಿದ ತಾರೀಖನ್ನೇ ಬರೆದರೆ ಯಾರೂ ಲೆಕ್ಕ ಹಾಕಬೇಕಾಗಿಲ್ಲ. ಸಿಗುವ ಸಮಯ ನಿಮ್ಮ ಶಾಲೆಯದನ್ನು ಕೇಳಿ ಬರೆಸಿ. ವಯಸ್ಸಿನ ತಾರೀಖನ್ನು ಪ್ರತಿ ವರ್ಷ ಹೊಸದಾಗಿ ಬರೆಸಿ.

ಸಭೆಯಲ್ಲಿ ಚರ್ಚಿಸಲು

1. ನಮ್ಮ ಸಂಘದ ಯಾರ ಮಕ್ಕಳು ಮುಂದಿನ ಜೂನ್ 1ಕ್ಕೆ 6 ವರ್ಷ ತುಂಬುತ್ತಾರೆ? ಎಲ್ಲರೂ ಕೂಡಿಸಿ ನೋಡೋಣ.
2. ಯಾರ ಮಗುವಿನ ಜನನ ಪ್ರಮಾಣಪತ್ರದಲ್ಲಿ ಹೆಸರು ಬಿಟ್ಟುಹೋಗಿದೆ? ಅವರ ಜೊತೆ ನೋಂದಣಿ ಕಚೇರಿಗೆ ಯಾರು ಹೋಗುತ್ತೀರಿ?
3. ನಮ್ಮೂರ ಶಾಲೆಯ ಪೋಸ್ಟರಿನಲ್ಲಿ ಯಾವ ಮಾತು ಬಿಟ್ಟುಹೋಗಿದೆ?